ಗ್ರಾನೈಟ್ ಮೊದಲೋ, ಫಾಲ್ಟ್ ಮೊದಲೋ? ಒಂದು ಸೀಳುನೋಟದ ತಕರಾರು

ಕೊಣಾಜೆ ಗುಡ್ಡೆ

ಎಲ್ಲರಿಗೂ ನಮಸ್ಕಾರ. ಭೂವಿಜ್ಞಾನದ ಪ್ರವೇಶ ಪರೀಕ್ಷೆಗೆ ಓದುತ್ತಿದ್ದೇನೆ. ತರಬೇತಿ ಕೇಂದ್ರವೊಂದು ಕೊಟ್ಟ ಅಭ್ಯಾಸ ಪತ್ರಿಕೆಯಲ್ಲಿ ನೆಲದ ಸೀಳುನೋಟದ ಚಿತ್ರವೊಂದಿದೆ. ಯಾವ ಘಟನೆ ಮೊದಲು, ಯಾವುದು ಆಮೇಲೆ ಎಂದು ಕ್ರಮವಾಗಿ ಬರೆಯಬೇಕು. ನನ್ನ ಉತ್ತರಕ್ಕೂ ಅವರ ಕೀ ಉತ್ತರಕ್ಕೂ ಎರಡು ಕಡೆ ತಾಳೆಯಾಗುತ್ತಿಲ್ಲ. ಫೋಟೋ ಹಾಕಲು ಅವರ ಅನುಮತಿ ಇಲ್ಲದ ಕಾರಣ ಬಾಯಿಮಾತಿನಲ್ಲೇ ಚಿತ್ರ ಬಿಡಿಸುತ್ತೇನೆ, ತಾಳ್ಮೆಯಿಂದ ಓದಿ.

ಎಡಗಡೆ ಪಶ್ಚಿಮ, ಬಲಗಡೆ ಪೂರ್ವ. ಚಿತ್ರದ ಎತ್ತರ ಸುಮಾರು 200 ಮೀಟರ್. ತಳದಲ್ಲಿ ಜೇಡಿಶಿಲೆ, ಅದರ ಮೇಲೆ ಸುಣ್ಣಕಲ್ಲು, ಅದರ ಮೇಲೆ ಮರಳುಗಲ್ಲು. ಈ ಮೂರೂ ಪದರಗಳು ಒಟ್ಟಿಗೆ ಮಡಿಚಿಕೊಂಡಿವೆ. ಎಡಗಡೆ ಕಮಾನಿನ ಹಾಗೆ ಮೇಲೆದ್ದಿವೆ, ಬಲಗಡೆ ತೊಟ್ಟಿಲಿನ ಹಾಗೆ ಕೆಳಗೆ ಬಾಗಿವೆ. ಕಮಾನಿನ ನಡುವೆ ತಳದಿಂದ ಗ್ರಾನೈಟ್ ನುಗ್ಗಿದೆ. ಕಮಾನಿಗೂ ತೊಟ್ಟಿಲಿಗೂ ನಡುವೆ ಪೂರ್ವಕ್ಕೆ 60 ಡಿಗ್ರಿ ಇಳಿಯುವ ಒಂದು ಫಾಲ್ಟ್ ಇದೆ. ಅದರ ಪೂರ್ವದ ಭಾಗದಲ್ಲಿ ಪದರಗಳು ಕೆಳಗೆ ಜಾರಿವೆ.

ಇದೆಲ್ಲದರ ಮೇಲೆ ಒಂದು ಅಲೆಅಲೆಯಾದ ಗೆರೆ. ಫಾಲ್ಟ್ ಆ ಗೆರೆಗೆ ಬಂದು ನಿಲ್ಲುತ್ತದೆ, ಗ್ರಾನೈಟಿನ ನೆತ್ತಿಯೂ ಅದೇ ಗೆರೆಗೆ ತಾಗಿದೆ. ಗೆರೆಯ ಮೇಲೆ ಉರುಟು ಕಲ್ಲುಗಳಿರುವ ತೆಳು ಕಾಂಗ್ಲೊಮರೇಟ್, ಅದರ ಮೇಲೆ ಇನ್ನೊಂದು ಮರಳುಗಲ್ಲು. ಈ ಮೇಲಿನ ಪದರಗಳಲ್ಲಿ ಮಡಿಕೆ ಇಲ್ಲ, ಆದರೆ ಪಶ್ಚಿಮಕ್ಕೆ 8 ಡಿಗ್ರಿ ವಾಲಿವೆ. ಕರಗಿದ ಶಿಲೆ ಬಿರುಕಿನೊಳಗೆ ನುಗ್ಗಿ ಗೋಡೆಯ ಹಾಗೆ ಗಟ್ಟಿಯಾದ ಕಪ್ಪು ಡೈಕ್ ಒಂದು ತಳದಿಂದ ನೆಟ್ಟಗೆ ಎಲ್ಲವನ್ನೂ ಸೀಳಿಕೊಂಡು ಮೇಲಿನ ಮರಳುಗಲ್ಲನ್ನೂ ದಾಟಿ, ಎಲ್ಲಕ್ಕಿಂತ ಮೇಲಿರುವ ಮುರಕಲ್ಲಿನ ಅಡಿಗೆ ನಿಲ್ಲುತ್ತದೆ.

ಕೀ ಉತ್ತರ ಹೀಗಿದೆ: ಪದರಗಳು, ಮಡಿಕೆ, ಫಾಲ್ಟ್, ಗ್ರಾನೈಟ್, ಸವೆತ, ಮೇಲಿನ ಪದರಗಳು, ವಾಲುವಿಕೆ, ಡೈಕ್, ಕೊನೆಗೆ ಮುರಕಲ್ಲಿನ ಪದರ ಬಿದ್ದದ್ದು. ನಾನು ಗ್ರಾನೈಟನ್ನು ಫಾಲ್ಟಿಗಿಂತ ಮೊದಲು ಬರೆದೆ. ಮುರಕಲ್ಲು "ಬಿದ್ದದ್ದು" ಎಂಬುದನ್ನೂ ಒಪ್ಪಲು ಮನಸ್ಸಾಗುತ್ತಿಲ್ಲ. ಯಾರು ಸರಿ?

ಪಂಪ್‌ವೆಲ್ ಇಂಜಿನಿಯರ್

ಕೀ ಉತ್ತರವೇ ಸರಿ ಎಂದು ನನ್ನ ಅಭಿಪ್ರಾಯ. ಫಾಲ್ಟ್ ಎಂದರೆ ನೆಲದೊಳಗಿನ ಬಿರುಕು. ಕರಗಿದ ಶಿಲೆ ಮೇಲೆ ಬರಲು ದಾರಿ ಬೇಕಲ್ಲವೇ? ಬಿರುಕು ಮೊದಲು ಬಂತು, ಆ ಬಲಹೀನ ಜಾಗದಿಂದ ಗ್ರಾನೈಟ್ ಮೇಲೆ ಬಂತು. ಮೇಲಿನ ಗಟ್ಟಿ ಕಾಂಗ್ಲೊಮರೇಟಿಗೆ ಬಡಿದು ಎರಡೂ ನಿಂತವು. ಸೈಟಿನಲ್ಲಿ ಕಾಂಕ್ರೀಟಿನ ಬಿರುಕೂ ಹೀಗೆಯೇ ಗಟ್ಟಿ ಪದರ ಸಿಕ್ಕಿದಲ್ಲಿ ನಿಲ್ಲುತ್ತದೆ.

ಬಾವಿಕಟ್ಟೆ, ಬಂಟ್ವಾಳ

ಸ್ವಲ್ಪ ಬೇರೆ ವಿಷಯ, ಕ್ಷಮಿಸಿ. ನಮ್ಮ ಮನೆ ಹಿಂದೆ ಬಾವಿ ತೋಡಿಸುವಾಗ 22 ಅಡಿ ಮುರಕಲ್ಲು, ಅದರ ಕೆಳಗೆ ಬಿಳಿ ಶೇಡಿ ಮಣ್ಣು, ಅದರ ಕೆಳಗೆ ಕರಿಕಲ್ಲು ಸಿಕ್ಕಿತು. ಶೇಡಿ ಮಣ್ಣಿನಲ್ಲಿ ಒಂದು ಓರೆ ಗೆರೆ ಕಂಡಿತು. ಅದು ಫಾಲ್ಟ್ ಇರಬಹುದು ಎಂದು ನೆರೆಮನೆಯವರು ಹೆದರಿಸಿದ್ದಾರೆ. ನಮ್ಮ ಮನೆಗೆ ಭೂಕಂಪದ ಅಪಾಯ ಇದೆಯೇ?

ನಿವೃತ್ತ ಸುತ್ತಿಗೆ, ಮಣಿಪಾಲ

ಕೊಣಾಜೆಯ ತಂಗಿ ಚಿತ್ರವನ್ನು ಚೆನ್ನಾಗಿ ವಿವರಿಸಿದ್ದಾರೆ. ಆದರೆ ಕೇಳಿದ ಪ್ರಶ್ನೆಗೆ ಬೇಕಾದ ವಿವರವನ್ನೇ ಬಿಟ್ಟಿದ್ದಾರೆ. ಗ್ರಾನೈಟ್ ಮತ್ತು ಫಾಲ್ಟ್ ಒಂದನ್ನೊಂದು ಎಲ್ಲಾದರೂ ಮುಟ್ಟುತ್ತವೆಯೇ? ಒಂದು ಇನ್ನೊಂದನ್ನು ಕತ್ತರಿಸಿದರೆ ಮಾತ್ರ ಯಾವುದು ಹಿರಿಯದು ಎಂದು ಹೇಳಬಹುದು. ಮುಟ್ಟದೇ ಇದ್ದರೆ ನಿಮ್ಮ ಉತ್ತರವೂ ಊಹೆ, ಕೀ ಉತ್ತರವೂ ಊಹೆ. ಗಂಡನ ಮನೆ, ಹೆಂಡತಿಯ ಮನೆ ಎರಡೂ ಅಜ್ಜಿ ಹುಟ್ಟುವ ಮೊದಲೇ ಕಟ್ಟಿದವು ಎಂದಷ್ಟೇ ಗೊತ್ತಿದ್ದರೆ, ಯಾವುದು ಹಳೆಯದು ಎಂದು ಜಗಳ ಮಾಡಿ ಪ್ರಯೋಜನವಿಲ್ಲ. ಇಲ್ಲಿ ಆ ಅಜ್ಜಿಯೇ ಅಲೆಅಲೆಯಾದ ಗೆರೆ.

ಇಂಜಿನಿಯರರೇ, ಗಟ್ಟಿ ಪದರಕ್ಕೆ ಬಡಿದು ನಿಂತಿತು ಎಂಬ ನಿಮ್ಮ ಮಾತು ಕಾಂಕ್ರೀಟಿಗೆ ಸರಿ. ಇಲ್ಲಿ ಅದು ನಡೆಯುವುದಿಲ್ಲ. ಫಾಲ್ಟ್ ಬರೀ ಬಿರುಕಲ್ಲ, ಅದರ ಎರಡು ಬದಿಯ ಬಂಡೆಗಳು ಸರಿದಿವೆ. ಸರಿದ ಬಂಡೆಯ ನೆತ್ತಿಯ ಮೇಲೆ ಕೂತಿರುವ ಪದರ ಸರಿಯದೆ ಉಳಿಯುವುದು ಹೇಗೆ? ಮೇಜಿನ ಅರ್ಧ ಕೆಳಗಿಳಿದರೆ ಮೇಲಿನ ಬಟ್ಟೆ ಒಂದೋ ಹರಿಯಬೇಕು, ಇಲ್ಲವೇ ಬಾಗಬೇಕು. ಫಾಲ್ಟ್ ಮೇಲಕ್ಕೆ ಹೋಗುತ್ತಾ ಸಾಯುವುದುಂಟು, ಆದರೆ ಆಗ ಜಾರಿಕೆ ನಿಧಾನವಾಗಿ ಕಡಿಮೆಯಾಗುತ್ತಾ ಹೋಗುತ್ತದೆ. ತಂಗಿ, ಸ್ಕೇಲ್ ಹಿಡಿದು ಅಳೆಯಿರಿ. ಸುಣ್ಣಕಲ್ಲಿನ ತಳ ಎಷ್ಟು ಜಾರಿದೆ, ಅದರ ಮೇಲಿನ ಮರಳುಗಲ್ಲಿನ ತಳ ಎಷ್ಟು ಜಾರಿದೆ?

ಕೊಣಾಜೆ ಗುಡ್ಡೆ

ಅಳೆದೆ ಸರ್. ಫಾಲ್ಟಿನ ಪಶ್ಚಿಮದ ಬದಿಯಲ್ಲಿ ಸುಣ್ಣಕಲ್ಲಿನ ತಳ ಚಿತ್ರದ ಅಡಿಯಿಂದ 90 ಮೀಟರ್ ಎತ್ತರದಲ್ಲಿ ಫಾಲ್ಟನ್ನು ಮುಟ್ಟುತ್ತದೆ, ಪೂರ್ವದಲ್ಲಿ 50. ಮರಳುಗಲ್ಲಿನ ತಳ ಪಶ್ಚಿಮದಲ್ಲಿ 120, ಪೂರ್ವದಲ್ಲಿ 80. ಎರಡೂ 40 ಮೀಟರ್ ಜಾರಿವೆ. ಅಲೆಗೆರೆ ಫಾಲ್ಟಿನ ನೆತ್ತಿಯಲ್ಲಿ ಸುಮಾರು 150ರಲ್ಲಿದೆ, ಎಲ್ಲೂ ಮೆಟ್ಟಿಲಾಗಿಲ್ಲ, ಬಾಗಿಯೂ ಇಲ್ಲ.

ಇನ್ನೊಂದು ವಿಷಯ. ನೀವು ಹೇಳಿದ ಮೇಲೆ ಭೂತಗನ್ನಡಿ ಹಿಡಿದು ನೋಡಿದೆ. ಗ್ರಾನೈಟಿನಿಂದ ಪೂರ್ವಕ್ಕೆ ಒಂದು ತೆಳುವಾದ ನಾಲಿಗೆ ಚಾಚಿಕೊಂಡಿದೆ! ಜೇಡಿಶಿಲೆಯೊಳಗೆ ಹೋಗಿ, 25 ಮೀಟರ್ ಎತ್ತರದಲ್ಲಿ ಸರಿಯಾಗಿ ಫಾಲ್ಟಿನ ಗೆರೆಗೆ ಬಂದು ನಿಲ್ಲುತ್ತದೆ. ಮೊದಲು ಅದನ್ನು ಮುದ್ರಣದ ಕಲೆ ಎಂದುಕೊಂಡಿದ್ದೆ.

ಪಂಪ್‌ವೆಲ್ ಇಂಜಿನಿಯರ್

ನೋಡಿ, ನಾನು ಹೇಳಿದ್ದೇ ಆಯಿತಲ್ಲ! ಫಾಲ್ಟ್ ಮೊದಲೇ ಇತ್ತು, ಗ್ರಾನೈಟಿನ ನಾಲಿಗೆ ಅಲ್ಲಿಗೆ ಬಂದು ತಡೆದು ನಿಂತಿತು. ಅಲ್ಲದೆ ಫಾಲ್ಟ್ ನಾಲಿಗೆಯನ್ನು ಕತ್ತರಿಸಿದ್ದರೆ ಅದರ ಇನ್ನೊಂದು ತುಂಡು ಆಚೆ ಬದಿಯಲ್ಲಿ ಕಾಣಬೇಕಿತ್ತು. ಇಲ್ಲವಲ್ಲ.

(ಕಾಂಗ್ಲೊಮರೇಟಿನ ವಿಷಯದಲ್ಲಿ ನಾನು ಹೇಳಿದ್ದು ತಪ್ಪು. 40 ಮೀಟರ್ ಎರಡೂ ಕಡೆ ಒಂದೇ ಇದ್ದು ಮೇಲೆ ಏನೂ ಕದಲಿಲ್ಲ ಎಂದಾದರೆ, ಮೇಲಿನದು ಆಮೇಲೆ ಬಂದದ್ದೇ.)

ನಿವೃತ್ತ ಸುತ್ತಿಗೆ, ಮಣಿಪಾಲ

ಇನ್ನೊಂದು ತುಂಡು ಎಲ್ಲಿರಬೇಕು ಎಂದು ಲೆಕ್ಕ ಹಾಕಿದಿರಾ? ನಾಲಿಗೆ ಫಾಲ್ಟನ್ನು ಮುಟ್ಟುವುದು 25 ಮೀಟರ್ ಎತ್ತರದಲ್ಲಿ. ಪೂರ್ವದ ಬದಿ 40 ಮೀಟರ್ ಕೆಳಗೆ ಜಾರಿದೆ. ಅಂದರೆ ಆ ತುಂಡು ಇರಬೇಕಾದದ್ದು ಚಿತ್ರದ ಅಡಿಗೆರೆಗಿಂತ 15 ಮೀಟರ್ ಕೆಳಗೆ. ಕಾಗದವೇ ಅಲ್ಲಿಗೆ ಮುಗಿದಿದೆ ಮಾರಾಯರೆ! ಕಾಣದಿರುವುದು ಸಾಕ್ಷಿಯಾಗಬೇಕಾದರೆ, ಅದು ಕಾಣಬೇಕಾದ ಜಾಗ ಮೊದಲು ಕಾಣಬೇಕು.

ಹಾಗೆಂದು ನಾನು ತಂಗಿಯ ಪರವಾಗಿಯೂ ತೀರ್ಪು ಕೊಡುತ್ತಿಲ್ಲ. ನಾಲಿಗೆ ಫಾಲ್ಟಿನಲ್ಲಿ ನಿಂತದ್ದಕ್ಕೆ ಎರಡು ಕಾರಣ ಇರಬಹುದು. ನೀವು ಹೇಳಿದ ಹಾಗೆ ಶಿಲಾದ್ರವ ಫಾಲ್ಟಿನವರೆಗೆ ಬಂದು ನಿಂತಿರಬಹುದು, ಅಥವಾ ಫಾಲ್ಟ್ ಅದನ್ನು ಕತ್ತರಿಸಿರಬಹುದು. ಇವೆರಡನ್ನು ಬೇರ್ಪಡಿಸುವುದು ಬಿಸಿ. ಕರಗಿದ ಗ್ರಾನೈಟ್ ಸುತ್ತಲಿನ ಜೇಡಿಶಿಲೆಯನ್ನು ಬೇಯಿಸುತ್ತದೆ. ಬೆಂದ ಜೇಡಿಶಿಲೆ ಗಟ್ಟಿಯಾಗಿ, ಹೊಸ ಖನಿಜಗಳು ಬೆಳೆದು ಚುಕ್ಕಿಚುಕ್ಕಿಯಾಗುತ್ತದೆ. ಚಿತ್ರಗಳಲ್ಲಿ ಅದನ್ನು ಗ್ರಾನೈಟಿನ ಅಂಚಿನುದ್ದಕ್ಕೂ ಚುಕ್ಕಿಗಳ ಪಟ್ಟಿಯಾಗಿ ತೋರಿಸುತ್ತಾರೆ. ನಾಲಿಗೆ ಹೊರಳಿ ಬಂದು ಫಾಲ್ಟಿನ ಬಳಿ ನಿಂತಿದ್ದರೆ, ಬಿಸಿಗೆ ಫಾಲ್ಟ್ ಎಂಬ ಗಡಿ ಗೊತ್ತಿಲ್ಲ. ಆಚೆ ಬದಿಯ ಜೇಡಿಶಿಲೆಯೂ ಬೇಯಬೇಕು, ಚುಕ್ಕಿಗಳು ನಾಲಿಗೆಯ ತುದಿಯನ್ನು ಸುತ್ತುವರಿಯಬೇಕು. ಫಾಲ್ಟ್ ಆಮೇಲೆ ಬಂದು ಕತ್ತರಿಸಿದ್ದರೆ, ಬೆಂದ ಪಟ್ಟಿಯೂ ನಾಲಿಗೆಯ ಜೊತೆಗೆ ತುಂಡಾಗಿರುತ್ತದೆ. ಆಚೆ ಬದಿಯಲ್ಲಿ ಹಸಿ ಜೇಡಿಶಿಲೆ ಇರುತ್ತದೆ. ಈಗ ನೋಡಿ ಹೇಳಿ.

ಕೊಣಾಜೆ ಗುಡ್ಡೆ

ಚುಕ್ಕಿಗಳಿವೆ! ನಾಲಿಗೆಯ ಮೇಲೂ ಕೆಳಗೂ ಇವೆ. ಫಾಲ್ಟಿನ ಗೆರೆಗೆ ಬಂದಾಗ ಚಾಕುವಿನಿಂದ ಕೊಯ್ದ ಹಾಗೆ ನಿಲ್ಲುತ್ತವೆ. ಪೂರ್ವದ ಬದಿಯಲ್ಲಿ ಆ ಎತ್ತರದಲ್ಲಿರುವುದೂ ಜೇಡಿಶಿಲೆಯೇ, ಆದರೆ ಒಂದು ಚುಕ್ಕಿಯೂ ಇಲ್ಲ. ಹಾಗಾದರೆ ಗ್ರಾನೈಟ್ ಮೊದಲು, ಫಾಲ್ಟ್ ಆಮೇಲೆ. ನಾನು ಗೆದ್ದೆ.

ನಿವೃತ್ತ ಸುತ್ತಿಗೆ, ಮಣಿಪಾಲ

ಉತ್ತರ ಸರಿ, ಆದರೆ ಅದನ್ನು ಬರೆದಾಗ ನೀವು ಚುಕ್ಕಿಗಳನ್ನು ನೋಡಿರಲಿಲ್ಲ. ಆಗ ಯಾವ ಆಧಾರದ ಮೇಲೆ ಬರೆದಿರಿ?

ಕೊಣಾಜೆ ಗುಡ್ಡೆ

ಗ್ರಾನೈಟ್ ಚಿತ್ರದಲ್ಲಿ ದೊಡ್ಡದಾಗಿ ಕಂಡಿತು, ಅದಕ್ಕೆ ಹಳೆಯದು ಅನ್ನಿಸಿತು. (ನಾಚಿಕೆಯಾಗುತ್ತಿದೆ.)

ಕಾರ್ಕಳದ ಟೀಚರ್

ನಾನು ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಕಲಿಸುವವಳು. ಇದನ್ನು ಮಕ್ಕಳಿಗೆ ತೋರಿಸಲು ಒಂದು ಉಪಾಯ ಮಾಡಿದ್ದೆ. ಪತ್ರೊಡೆಯನ್ನು ಅಡ್ಡಕ್ಕೆ ಕೊಯ್ದು, "ನೋಡಿ, ಪದರಗಳು ಹೇಗೆ ಮಡಿಚಿವೆ" ಎಂದು ಹೇಳಿದೆ. ಮಕ್ಕಳಿಗೆ ಮಡಿಕೆ ಅರ್ಥವಾಯಿತು. ಪಾಠ ಮುಗಿಯುವಷ್ಟರಲ್ಲಿ ಮಾದರಿಯೂ ಮುಗಿಯಿತು.

ನಿವೃತ್ತ ಸುತ್ತಿಗೆ, ಮಣಿಪಾಲ

ಟೀಚರೇ, ಪತ್ರೊಡೆ ಸುರುಳಿ. ಹೊರಗಿನ ಎಲೆಯೇ ಮೇಲಿನದೋ ಕೆಳಗಿನದೋ ಎಂದು ಮಕ್ಕಳು ಕೇಳಿದರೆ ಸಿಕ್ಕಿಬೀಳುತ್ತೀರಿ. ಬೇರೆ ಬೇರೆ ಬಣ್ಣದ ನಾಲ್ಕೈದು ದೋಸೆಗಳನ್ನು ಒಂದರ ಮೇಲೊಂದು ಇಟ್ಟು ಎರಡೂ ಬದಿಯಿಂದ ಒತ್ತಿ. ಎದ್ದ ಉಬ್ಬನ್ನು ಚಾಕುವಿನಿಂದ ಅಡ್ಡವಾಗಿ ಸವರಿ ತೆಗೆದುಬಿಡಿ. ಆ ಕೊಯ್ದ ಮುಖದ ಮೇಲೆ ಹೊಸ ದೋಸೆಯೊಂದನ್ನು ಚಪ್ಪಟೆಯಾಗಿ ಹಾಸಿ. ಆಮೇಲೆ ಇಡೀ ರಾಶಿಯನ್ನು ನೆಟ್ಟಗೆ ಕೊಯ್ದು ಬದಿಯಿಂದ ತೋರಿಸಿ. ಕೆಳಗಿನ ದೋಸೆಗಳು ಓರೆಯಾಗಿ ಬಂದು ಮೇಲಿನ ದೋಸೆಯ ಅಡಿಗೆ ತುಂಡಾಗಿ ನಿಂತಿರುತ್ತವೆ. ಕೊಣಾಜೆಯ ತಂಗಿಯ ಅಲೆಗೆರೆ ಅದೇ.

ನಮ್ಮ ರಾಜ್ಯದಲ್ಲೇ ನೋಡಬೇಕೆಂದರೆ ಬಾಗಲಕೋಟೆ, ಬಾದಾಮಿ ಕಡೆಗೆ ಹೋಗಿ. ಕೆಳಗೆ ಮಡಿಚಿಕೊಂಡಿರುವ ಬಾಗಲಕೋಟೆ ಗುಂಪಿನ ಶಿಲೆಗಳು, ಅವುಗಳ ಮೇಲೆ ಹೆಚ್ಚುಕಡಿಮೆ ಮಟ್ಟಸವಾಗಿ ಕೂತಿರುವ ಬಾದಾಮಿ ಗುಂಪಿನ ಮರಳುಗಲ್ಲು. ಗುಹಾದೇವಾಲಯಗಳನ್ನು ಕೊರೆದದ್ದು ಈ ಮೇಲಿನ ಕಲ್ಲಿನಲ್ಲಿ. ಎಲ್ಲರೂ ನಟರಾಜನ ಕೈ ಎಣಿಸಿ ವಾಪಸಾಗುತ್ತಾರೆ, ಆ ಬಂಡೆ ಯಾವುದರ ಮೇಲೆ ಕೂತಿದೆ ಎಂದು ನೋಡುವವರು ಕಡಿಮೆ.

ಮಲ್ಪೆ ಗಾಳಿ

ಅಷ್ಟು ದೂರ ಯಾಕೆ ಸರ್? ನಮ್ಮ ಸೇಂಟ್ ಮೇರೀಸ್ ದ್ವೀಪದಲ್ಲಿ ಕಂಬಕಂಬವಾಗಿ ಪದರಗಳು ನೆಟ್ಟಗೆ ನಿಂತಿವೆಯಲ್ಲ? ಮಡಿಕೆಯಿಂದಾಗಿ ಪದರಗಳು ಪೂರ್ತಿ ಎದ್ದು ನಿಂತದ್ದೇ ಅಲ್ಲವೇ ಅದು?

ನಿವೃತ್ತ ಸುತ್ತಿಗೆ, ಮಣಿಪಾಲ

ಅಲ್ಲ. ಅವು ಪದರಗಳೇ ಅಲ್ಲ. ಸುಮಾರು 9 ಕೋಟಿ ವರ್ಷಗಳ ಹಿಂದೆ, ಮಡಗಾಸ್ಕರ್ ಭಾರತದಿಂದ ಬೇರ್ಪಡುತ್ತಿದ್ದ ಕಾಲದ ಜ್ವಾಲಾಮುಖಿ ಶಿಲೆ ಅದು. ಬಿಸಿ ಶಿಲೆ ಆರುವಾಗ ಕುಗ್ಗಿತು, ಕುಗ್ಗಿದಾಗ ಬಿರಿಯಿತು. ಕೆಸರು ಗದ್ದೆ ಬೇಸಿಗೆಯಲ್ಲಿ ಬಿರಿಯುವ ಹಾಗೆ ಮೇಲ್ಮೈಯಲ್ಲಿ ಶುರುವಾದ ಬಿರುಕುಗಳು ತಣ್ಣಗಾಗುತ್ತಾ ಒಳಗೆ ಇಳಿದು ಕಂಬಗಳಾದವು. ಸೀಳುನೋಟದಲ್ಲಿ ಕಾಣುವ ಗೆರೆಯೆಲ್ಲ ಪದರದ ಗೆರೆಯಲ್ಲ. ಬಂಟ್ವಾಳದವರ ಬಾವಿಯಲ್ಲಿ ಕಂಡ ಓರೆ ಗೆರೆಗೂ ಇದೇ ಮಾತು.

ಬಾವಿಕಟ್ಟೆ, ಬಂಟ್ವಾಳ

ಹಾಗಾದರೆ ಹೆದರಬೇಕೋ ಬೇಡವೋ?

ಮುರಕಲ್ಲು ಮೇಸ್ತ್ರಿ

ಬಾವಿಯವರೇ, ಆ ಗೆರೆ ಯಾವ ಬಣ್ಣ? ಕೈಯಲ್ಲಿ ತಿಕ್ಕಿದರೆ ಪುಡಿಯಾಗುತ್ತದೆಯೇ, ಗರಗಸದ ಹಾಗೆ ಕೊರೆಯುತ್ತದೆಯೇ? ನಾನು ಇಪ್ಪತ್ತೈದು ವರ್ಷಗಳಿಂದ ಮುರಕಲ್ಲಿನ ಕೋರೆ ನಡೆಸುವವನು. ಶೇಡಿ ಮಣ್ಣಿನ ನಡುವೆ ಬಿಳಿ ಗಾಜಿನ ಚೂರಿನಂಥ ಗೆರೆ ಸಿಗುವುದು ಮಾಮೂಲು. ನಾವು ಅದನ್ನು ಬಿಳಿಕಲ್ಲಿನ ನರ ಎನ್ನುತ್ತೇವೆ. ಮೆಷಿನಿನ ಬ್ಲೇಡಿಗೆ ಅದು ಶತ್ರು.

ಬಾವಿಕಟ್ಟೆ, ಬಂಟ್ವಾಳ

ಬಿಳಿ, ಗಟ್ಟಿ, ಕೈ ಕೊರೆಯುತ್ತದೆ. ಎರಡು ಬೆರಳು ದಪ್ಪ. ನೆಟ್ಟಗೆ ಒಂದೇ ಸಮನೆ ಹೋಗಿದೆ.

ನಿವೃತ್ತ ಸುತ್ತಿಗೆ, ಮಣಿಪಾಲ

ಮೇಸ್ತ್ರಿಗಳು ಹೇಳಿದ್ದೇ ಇರಬೇಕು, ಅದು ಬೆಣಚುಕಲ್ಲಿನ ನರ. ಅದು ತುಂಡಾಗದೆ ಒಂದೇ ಸಮನೆ ಹೋಗಿದ್ದರೆ, ಅದನ್ನು ಅಡ್ಡ ದಾಟಿ ಏನೂ ಸರಿದಿಲ್ಲ ಎಂದೂ ಆಯಿತು. ಇನ್ನು ಫಾಲ್ಟ್ ಎಂದ ಕೂಡಲೇ ಭೂಕಂಪ ಅಲ್ಲ. ಕೊಣಾಜೆಯ ಚಿತ್ರವನ್ನೇ ತೆಗೆದುಕೊಳ್ಳಿ. ಫಾಲ್ಟಿನ ಮೇಲೆ ಹಾಸಿದ ಕಾಂಗ್ಲೊಮರೇಟ್ ಕದಲಿಲ್ಲ. ಅಂದರೆ ಆ ಕಾಂಗ್ಲೊಮರೇಟ್ ಬಿದ್ದ ದಿನದಿಂದ ಇಂದಿನವರೆಗೆ ಆ ಫಾಲ್ಟ್ ಆ ಜಾಗದಲ್ಲಿ ಅಲುಗಿಲ್ಲ. ದೊಡ್ಡ ಅಣೆಕಟ್ಟು ಕಟ್ಟುವ ಮೊದಲು ಕಂದಕ ತೋಡಿ ಹುಡುಕುವುದೂ ಇದನ್ನೇ: ಫಾಲ್ಟಿನ ನೆತ್ತಿಯ ಮೇಲೆ ಮುರಿಯದ ಪದರ ಇದೆಯೇ, ಅದು ಎಷ್ಟು ಹಳೆಯದು?

ಮುರಕಲ್ಲು ಮೇಸ್ತ್ರಿ

ಈಗ ತಂಗಿಯ ಎರಡನೆಯ ಪ್ರಶ್ನೆಗೆ ಬರುತ್ತೇನೆ, ಅದು ನನ್ನ ಕ್ಷೇತ್ರ. ಮುರಕಲ್ಲು ಬೀಳುವುದಿಲ್ಲ. ಎಲ್ಲಿಂದಲೋ ಹರಿದು ಬಂದು ಹಾಸಿಕೊಂಡದ್ದಲ್ಲ ಅದು. ಕೋರೆಯಲ್ಲಿ ಮೇಲಿನಿಂದ ಕೊಯ್ಯುತ್ತಾ ಇಳಿದರೆ ಗಟ್ಟಿ ಕಲ್ಲು, ಮೆದು ಕಲ್ಲು, ಬಣ್ಣಬಣ್ಣದ ಶೇಡಿ, ಕೊನೆಗೆ ಅರ್ಧ ಕೊಳೆತ ಕರಿಕಲ್ಲು. ಎಲ್ಲಿ ಒಂದು ಮುಗಿದು ಇನ್ನೊಂದು ಶುರುವಾಯಿತು ಎಂದು ಗೆರೆ ಎಳೆಯಲು ನನ್ನಿಂದ ಆಗಿಲ್ಲ. ಕೆಳಗಿನ ಕಲ್ಲೇ ಮಳೆನೀರು ಕುಡಿದು ಕುಡಿದು ಮೇಲಿನ ಮುರಕಲ್ಲಾಗಿದೆ. ಆದ್ದರಿಂದ ನನ್ನ ಪ್ರಕಾರ ಮುರಕಲ್ಲಿಗೆ ಬೇರೆ ವಯಸ್ಸೇ ಇಲ್ಲ. ಕೆಳಗಿನ ಕಲ್ಲಿನ ವಯಸ್ಸೇ ಅದರ ವಯಸ್ಸು. ಪಟ್ಟಿಯಿಂದ ಅದನ್ನು ತೆಗೆದುಹಾಕಿ.

ಕಾರ್ಕಳದ ಟೀಚರ್

ಮೇಸ್ತ್ರಿಗಳೇ, ಅದು ಹೇಗೆ ಸರಿಯಾಗುತ್ತದೆ? ಅಕ್ಕಿ ಹೋದ ವರ್ಷದ್ದು, ಅನ್ನ ಈ ಹೊತ್ತಿನದು.

ನಿವೃತ್ತ ಸುತ್ತಿಗೆ, ಮಣಿಪಾಲ

ಟೀಚರ್ ಗೆದ್ದರು. ಮೇಸ್ತ್ರಿಗಳ ಕಣ್ಣು ಸರಿ, ತೀರ್ಮಾನದಲ್ಲಿ ಒಂದು ಹೆಜ್ಜೆ ಹೆಚ್ಚಾಯಿತು. ಮುರಕಲ್ಲು ಪದರವಲ್ಲ, ಆದರೆ ಘಟನೆ ಹೌದು. ಪಟ್ಟಿಯಲ್ಲಿ "ಮುರಕಲ್ಲಿನ ಪದರ ಬಿದ್ದದ್ದು" ಎಂಬುದನ್ನು ಹೊಡೆದು "ಮೇಲ್ಮೈ ಶಿಲೆಗಳು ಇದ್ದಲ್ಲಿಯೇ ಮುರಕಲ್ಲಾಗಿ ಬದಲಾದದ್ದು" ಎಂದು ಬರೆಯಿರಿ. ಕೀ ಬರೆದವರ ಎಡವಟ್ಟು ಇಷ್ಟೇ ಆಗಿದ್ದರೆ ಸುಮ್ಮನಿರಬಹುದಿತ್ತು, ಆದರೆ ಡೈಕಿನ ವಿಷಯದಲ್ಲಿ ಇದು ಕಥೆಯನ್ನೇ ಬದಲಿಸುತ್ತದೆ.

ಮುರಕಲ್ಲಿನ ತಳವನ್ನು ಅಲೆಗೆರೆಯ ಹಾಗೆ ಓದಿದರೆ ಹೀಗಾಗುತ್ತದೆ: ಡೈಕ್ ಬಂತು, ನೆಲ ಸವೆಯಿತು, ಡೈಕಿನ ತಲೆ ಹೋಯಿತು, ಅದರ ಮೇಲೆ ಹೊಸ ಪದರ ಹಾಸಿತು. ನಿಜವಾಗಿ ಆದದ್ದು ಬೇರೆ. ಡೈಕಿನ ತಲೆ ಎಲ್ಲೂ ಹೋಗಿಲ್ಲ, ಅದೂ ಮುರಕಲ್ಲಾಗಿದೆ. ಆ ತಳದ ಗೆರೆ ಒಂದು ಕಾಲದ ನೆಲವಲ್ಲ, ಕೊಳೆಯುವಿಕೆ ಎಲ್ಲಿಯವರೆಗೆ ಇಳಿದಿದೆ ಎಂಬ ಗುರುತು. ಇವತ್ತಿಗೂ ಅದು ಇಳಿಯುತ್ತಿರಬಹುದು. ಎರಡೂ ಕಥೆಗಳಲ್ಲಿ ಡೈಕ್ ಮೊದಲು, ಮುರಕಲ್ಲು ಆಮೇಲೆ ಎಂಬ ಕ್ರಮ ಒಂದೇ, ಆದ್ದರಿಂದ ಅಂಕ ಸಿಗುತ್ತದೆ. ಆದರೆ ನಡುವೆ ಒಂದು ಇಲ್ಲದ ಘಟನೆಯನ್ನು ಸೇರಿಸಿದಂತಾಗುತ್ತದೆ.

ಮೇಸ್ತ್ರಿಗಳೇ, ನಿಮ್ಮ ಕೋರೆಯಲ್ಲಿ ಕರಿ ಡೈಕ್ ಮುರಕಲ್ಲಿನೊಳಗೆ ಮುಂದುವರಿದದ್ದನ್ನು ನೋಡಿದ್ದೀರಾ?

ಮುರಕಲ್ಲು ಮೇಸ್ತ್ರಿ

ನೋಡಿದ್ದೇನೆ. ಒಂದು ಕೋರೆಯಲ್ಲಿ ಅಡಿಯಲ್ಲಿ ಕರಿಕಲ್ಲಿನ ಪಟ್ಟಿ, ಆಳೆತ್ತರದ ಅಗಲ. ಮೇಲೆ ಬರುತ್ತಾ ಶೇಡಿಯಲ್ಲಿ ಅದೇ ಅಗಲಕ್ಕೆ ಕಡುಗೆಂಪು ಮಣ್ಣು, ಎರಡೂ ಬದಿಗೆ ಬಿಳಿ ಶೇಡಿ. ಇನ್ನೂ ಮೇಲೆ ಮುರಕಲ್ಲಿನಲ್ಲಿ ಆ ಜಾಗದ ಕಲ್ಲು ಹೆಚ್ಚು ಕೆಂಪು, ಹೆಚ್ಚು ಭಾರ. ಮೇಲಿನ ಒಂದೆರಡು ವರಸೆಯಲ್ಲಿ ಮಾತ್ರ ಏನೂ ಗೊತ್ತಾಗುವುದಿಲ್ಲ, ಎಲ್ಲಾ ಒಂದೇ. ಅನ್ನದ ಮಾತು ಒಪ್ಪಿದೆ ಟೀಚರೇ.

ನಿವೃತ್ತ ಸುತ್ತಿಗೆ, ಮಣಿಪಾಲ

ಇದಕ್ಕಿಂತ ಒಳ್ಳೆಯ ವಿವರಣೆ ನನಗೆ ಬರೆಯಲು ಬರುತ್ತಿರಲಿಲ್ಲ. ಡೈಕಿನ ಕಲ್ಲಿನಲ್ಲಿ ಕಬ್ಬಿಣ ಹೆಚ್ಚು, ಅದಕ್ಕೇ ಕಡುಗೆಂಪು. ಮೇಲಿನ ವರಸೆಯಲ್ಲಿ ಕಬ್ಬಿಣ ಕರಗಿ, ಸರಿದು, ಮತ್ತೆ ಗಟ್ಟಿಯಾಗಿ ಹಳೆಯ ಗುರುತು ಅಳಿಸಿಹೋಗಿರುತ್ತದೆ. ಇದರಿಂದ ಒಂದು ಎಚ್ಚರವೂ ಸಿಗುತ್ತದೆ: ಮುರಕಲ್ಲಿನಲ್ಲಿ ಫಾಲ್ಟ್ ಕಾಣಲಿಲ್ಲ ಎಂದ ಮಾತ್ರಕ್ಕೆ ಫಾಲ್ಟ್ ಅದಕ್ಕಿಂತ ಹಳೆಯದು ಎಂದು ಹಾರಬೇಡಿ. ಕಾಂಗ್ಲೊಮರೇಟ್ ಮುರಿದರೆ ಮುರಿದದ್ದು ಕಾಣುತ್ತದೆ. ಮುರಕಲ್ಲು ತನ್ನ ಮೇಲಿನ ಗೀರನ್ನು ತಾನೇ ಮುಚ್ಚಿಕೊಳ್ಳಬಲ್ಲದು.

ಇನ್ನೊಂದು ಗೊಣಗಾಟ. ಬರೀ ಬೆಣಚಿನ ಮರಳುಗಲ್ಲಿನ ಮೇಲೆ ದಪ್ಪ ಮುರಕಲ್ಲು ಬೆಳೆಯಲು ಬೇಕಾದ ಕಬ್ಬಿಣ, ಅಲ್ಯೂಮಿನಿಯಂ ಎಲ್ಲಿಂದ ಬರಬೇಕು? ಆ ಚಿತ್ರ ಬರೆದವರು ಮುರಕಲ್ಲನ್ನು ಗೋಡೆಯಲ್ಲಿ ಬಿಟ್ಟು ಬೇರೆಲ್ಲೂ ನೋಡಿದಂತಿಲ್ಲ.

ಪಂಪ್‌ವೆಲ್ ಇಂಜಿನಿಯರ್

ಸರ್, ಗ್ರಾನೈಟಿನ ನೆತ್ತಿ ಅಲೆಗೆರೆಗೆ ತಾಗಿದೆಯಲ್ಲ, ಅದನ್ನು ಯಾರೂ ಪೂರ್ತಿ ಬಗೆಹರಿಸಲಿಲ್ಲ. ಫಾಲ್ಟಿನ ವಿಷಯ ಒಪ್ಪಿದೆ. ಆದರೆ ಗ್ರಾನೈಟ್ ಮಾತ್ರ ಮೇಲಿನ ಪದರಗಳು ಬಿದ್ದ ಮೇಲೆ ಕೆಳಗಿನಿಂದ ಬಂದು, ಅಲೆಗೆರೆಯ ಮಟ್ಟದಲ್ಲಿ ನಿಂತಿರಬಾರದೇಕೆ? ದ್ರವ ಅಲ್ಲವೇ, ಅದಕ್ಕೆ ಮೇಲಿನದನ್ನು ಮುರಿಯಲೇಬೇಕೆಂದಿಲ್ಲ.

ನಿವೃತ್ತ ಸುತ್ತಿಗೆ, ಮಣಿಪಾಲ

ಈ ಪ್ರಶ್ನೆ ನನಗೆ ಇಷ್ಟವಾಯಿತು. ಈಗಾಗಲೇ ಒಂದು ಉತ್ತರ ಸುತ್ತಿ ಬಂದಿದೆ: ಗ್ರಾನೈಟ್ ಫಾಲ್ಟಿಗಿಂತ ಹಳೆಯದು, ಫಾಲ್ಟ್ ಅಲೆಗೆರೆಗಿಂತ ಹಳೆಯದು, ಹಾಗಾದರೆ ಗ್ರಾನೈಟ್ ಅಲೆಗೆರೆಗಿಂತ ಹಳೆಯದಾಗಲೇಬೇಕು. ಆದರೆ ಅದು ಚುಕ್ಕಿಗಳ ಮೇಲೆ ನಿಂತ ಮಾತು. ಬೇರೆ ಸಾಕ್ಷಿ ಬೇಕು. ತಂಗಿ, ಗ್ರಾನೈಟಿನ ನೇರ ಮೇಲೆ ಕಾಂಗ್ಲೊಮರೇಟಿನಲ್ಲಿ ಬೆಂದ ಚುಕ್ಕಿಗಳಿವೆಯೇ? ಅದರ ಉರುಟು ಕಲ್ಲುಗಳು ಯಾವುವು ಎಂದು ಸೂಚಿಯಲ್ಲಿ ಕೊಟ್ಟಿದ್ದಾರೆಯೇ?

ಕೊಣಾಜೆ ಗುಡ್ಡೆ

ಮೇಲೆ ಚುಕ್ಕಿ ಇಲ್ಲ. ಸೂಚಿಯಲ್ಲಿ "ಗ್ರಾನೈಟ್ ಮತ್ತು ಸುಣ್ಣಕಲ್ಲಿನ ಉಂಡೆಗಳುಳ್ಳ ಕಾಂಗ್ಲೊಮರೇಟ್" ಎಂದಿದೆ. ಅಯ್ಯೋ, ಇದನ್ನು ಓದಿಯೇ ಇರಲಿಲ್ಲ.

ನಿವೃತ್ತ ಸುತ್ತಿಗೆ, ಮಣಿಪಾಲ

ಮುಗಿಯಿತು. ಆ ಉಂಡೆಗಳು ಇದೇ ಗ್ರಾನೈಟಿನವಾದರೆ, ಇನ್ನೂ ಹುಟ್ಟದ ಗ್ರಾನೈಟಿನ ಉಂಡೆ ಕಾಂಗ್ಲೊಮರೇಟಿನಲ್ಲಿ ಇರಲು ಸಾಧ್ಯವಿಲ್ಲ. ಬೇರೆ ಊರಿನ ಗ್ರಾನೈಟ್ ನದಿಯಲ್ಲಿ ಉರುಳಿ ಬಂದಿರಬಹುದಲ್ಲ ಎಂದು ಇಂಜಿನಿಯರರು ಕೇಳುತ್ತಾರೆ, ಕೇಳಬೇಕು. ಹೊರಗೆ ಕೆಲಸ ಮಾಡುವಾಗ ಉಂಡೆಯನ್ನು ಒಡೆದು ಹರಳುಗಳ ಗಾತ್ರ, ಬಣ್ಣ ಹೋಲಿಸುತ್ತೇವೆ. ಕಾಗದದಲ್ಲಿ ಅದಾಗುವುದಿಲ್ಲ. ಆದರೆ ಉಂಡೆ ಇದೆ, ಬೆಂದ ಗುರುತು ಇಲ್ಲ, ಫಾಲ್ಟಿನ ಸಾಕ್ಷಿಯೂ ಅದೇ ಹೇಳುತ್ತದೆ. ಮೂರು ಜನ ಬೇರೆ ಬೇರೆ ಬಾಗಿಲಿನಿಂದ ಬಂದು ಒಂದೇ ಮಾತು ಹೇಳಿದರೆ ನಂಬಬಹುದು.

ಈ ಅಲೆಗೆರೆ ಎಷ್ಟು ಕಾಲವನ್ನು ನುಂಗಿದೆ ಎಂದೂ ಯೋಚಿಸಿ. ಗ್ರಾನೈಟಿನ ದಪ್ಪ ಹರಳುಗಳು ಬೆಳೆಯಬೇಕಾದರೆ ಅದು ಕೆಲವು ಕಿಲೋಮೀಟರ್ ಆಳದಲ್ಲಿ ನಿಧಾನವಾಗಿ ಆರಬೇಕು. ಆ ಗ್ರಾನೈಟ್ ಬಿಸಿಲಿಗೆ ಬಂದು ಉಂಡೆಯಾಗಿ ಉರುಳಬೇಕಾದರೆ ಅದರ ಮೇಲಿದ್ದ ಅಷ್ಟೂ ಕಲ್ಲು ಸವೆದು ಹೋಗಿರಬೇಕು. 200 ಮೀಟರಿನ ಚಿತ್ರದಲ್ಲಿ ಆ ಕಿಲೋಮೀಟರುಗಳೆಲ್ಲ ಒಂದು ಪೆನ್ಸಿಲ್ ಗೆರೆಯ ದಪ್ಪದಲ್ಲಿ ಅಡಗಿವೆ.

ಕೊಣಾಜೆ ಗುಡ್ಡೆ

ಹಾಗಾದರೆ ನನ್ನ ಪಟ್ಟಿ: ಮೂರು ಪದರಗಳು, ಮಡಿಕೆ, ಗ್ರಾನೈಟ್, ಫಾಲ್ಟ್, ನೆಲ ಮೇಲೆದ್ದು ದೀರ್ಘ ಸವೆತ, ಕಾಂಗ್ಲೊಮರೇಟ್ ಮತ್ತು ಮರಳುಗಲ್ಲು, ಪಶ್ಚಿಮಕ್ಕೆ ವಾಲುವಿಕೆ, ಡೈಕ್, ಮುರಕಲ್ಲಾಗುವಿಕೆ. ಡೈಕ್ ನೆಟ್ಟಗಿದೆ, ಪದರ ವಾಲಿವೆ. ಆದ್ದರಿಂದ ವಾಲಿದ ಮೇಲೆ ಡೈಕ್ ಬಂತು ಎಂದು ಕೀಯಲ್ಲಿ ಕಾರಣ ಕೊಟ್ಟಿದ್ದಾರೆ. ಸರಿಯೇ?

ನಿವೃತ್ತ ಸುತ್ತಿಗೆ, ಮಣಿಪಾಲ

ಡೈಕ್ ಹುಟ್ಟುವಾಗ ನೆಟ್ಟಗೇ ಹುಟ್ಟಬೇಕು ಎಂದು ಯಾರು ಹೇಳಿದರು? ಕೆಸರು ನೀರಿನಲ್ಲಿ ಚಪ್ಪಟೆಯಾಗಿ ಕೂರುತ್ತದೆ, ಆದ್ದರಿಂದ ಪದರ ವಾಲಿದ್ದರೆ ಆಮೇಲೆ ವಾಲಿದ್ದು ಎನ್ನಬಹುದು. ಡೈಕಿಗೆ ಅಂಥ ಕಟ್ಟುಪಾಡು ಇಲ್ಲ. 8 ಡಿಗ್ರಿ ಓರೆಯಾಗಿ ಬಂದ ಡೈಕ್ ಆಮೇಲೆ ಪದರಗಳ ಜೊತೆ ವಾಲಿ ನೆಟ್ಟಗಾಗಿರಲೂಬಹುದು. ಎರಡರ ನಡುವೆ ಗೀಟು ಹಾಕಿ "ಕ್ರಮ ತಿಳಿಯದು" ಎಂದು ಬರೆಯುವುದು ಪ್ರಾಮಾಣಿಕ. ಪರೀಕ್ಷೆಯಲ್ಲಿ ಅಂಕ ಸಿಗುತ್ತದೋ ಇಲ್ಲವೋ ನನಗೆ ಗೊತ್ತಿಲ್ಲ.

ವಾಲುವಿಕೆಯಿಂದ ಸಿಗುವ ಲಾಭ ಬೇರೆಯೇ ಇದೆ. ಮೇಲಿನ ಪದರಗಳನ್ನು ಮನಸ್ಸಿನಲ್ಲಿ 8 ಡಿಗ್ರಿ ಹಿಂದಕ್ಕೆ ತಿರುಗಿಸಿ ಮಟ್ಟಸ ಮಾಡಿ. ಕೆಳಗಿನದೆಲ್ಲವೂ ಜೊತೆಗೆ ತಿರುಗುತ್ತದೆ. ಈಗ ಪೂರ್ವಕ್ಕೆ 60 ಡಿಗ್ರಿ ಇಳಿಯುವ ಫಾಲ್ಟ್ ಆಗ 68 ಡಿಗ್ರಿ ಇಳಿಯುತ್ತಿತ್ತು. ಟ್ರೇಸಿಂಗ್ ಕಾಗದ ಇಟ್ಟು ತಿರುಗಿಸಿ ನೋಡಿ, ಕಣ್ಣಿಗೇ ಕಾಣುತ್ತದೆ.

ಪಂಪ್‌ವೆಲ್ ಇಂಜಿನಿಯರ್

ಒಂದು ಕೊನೆಯ ಸಂಶಯ. ಫಾಲ್ಟ್ ಮೇಲೆ ಕೆಳಗೆ ಮಾತ್ರ ಜಾರಿದೆ ಎಂದು ಹೇಗೆ ಗೊತ್ತು? ಕಾಗದದ ಒಳಗೆ, ಹೊರಗೆ, ಅಂದರೆ ಉತ್ತರ ದಕ್ಷಿಣವಾಗಿಯೂ ಸರಿದಿರಬಹುದಲ್ಲ? ಹಾಗಾದರೆ 40 ಮೀಟರ್ ಲೆಕ್ಕ, 15 ಮೀಟರ್ ಕೆಳಗೆ ಎಂಬ ಲೆಕ್ಕ ಎಲ್ಲ ಬಿದ್ದುಹೋಗುತ್ತದೆ.

ನಿವೃತ್ತ ಸುತ್ತಿಗೆ, ಮಣಿಪಾಲ

ಹೌದು, ಬೀಳಬಹುದು. ಮಡಿಕೆಯ ಬೆನ್ನು ಉತ್ತರಕ್ಕೋ ದಕ್ಷಿಣಕ್ಕೋ ಇಳಿಜಾರಾಗಿದ್ದರೆ, ಪಕ್ಕಕ್ಕೆ ಸರಿದದ್ದೂ ಸೀಳುನೋಟದಲ್ಲಿ ಮೇಲೆ ಕೆಳಗೆ ಜಾರಿದ ಹಾಗೆ ವೇಷ ಹಾಕುತ್ತದೆ. ಒಂದೇ ಸೀಳುನೋಟದಿಂದ ಅದನ್ನು ಹಿಡಿಯಲಾಗದು. ಅದಕ್ಕೆ ಅಡ್ಡವಾಗಿ ಇನ್ನೊಂದು ಸೀಳುನೋಟ ಬೇಕು, ಇಲ್ಲವೇ ಫಾಲ್ಟಿನ ನುಣುಪು ಮುಖದ ಮೇಲೆ ಉಜ್ಜಿದ ಗೀರುಗಳು ಯಾವ ಕಡೆಗಿವೆ ಎಂದು ಹೋಗಿ ನೋಡಬೇಕು. ಆದರೆ ಅಲೆಗೆರೆಯ ಮಾತು ಬೀಳುವುದಿಲ್ಲ. ಹೇಗೆ ಸರಿದಿದ್ದರೂ ಕಾಂಗ್ಲೊಮರೇಟ್ ಬೀಳುವ ಮೊದಲೇ ಸರಿದು ಮುಗಿದಿದೆ.

ಕೊಣಾಜೆ ಗುಡ್ಡೆ

ಕೇಂದ್ರಕ್ಕೆ ಮಿಂಚಂಚೆ ಬರೆದೆ. ಚುಕ್ಕಿಗಳ ವಿಷಯ, ಉಂಡೆಗಳ ವಿಷಯ ಎರಡನ್ನೂ ಹಾಕಿದ್ದೇನೆ. ಚುಕ್ಕಿಗಳು ಫಾಲ್ಟಿನಲ್ಲಿ ನಿಂತದ್ದು ಚಿತ್ರಕಾರರು ಬೇಕೆಂದೇ ಬರೆದದ್ದೋ, ಕೈ ತಪ್ಪಿ ನಿಂತದ್ದೋ ಎಂದು ಕೇಳಿದ್ದೇನೆ. ಇನ್ನೂ ಉತ್ತರ ಬಂದಿಲ್ಲ.

ಮೇಸ್ತ್ರಿ ಅಣ್ಣ, ಆ ಕರಿ ಪಟ್ಟಿ ಇರುವ ಕೋರೆಯನ್ನು ನೋಡಲು ಬರಬಹುದೇ?

ಮುರಕಲ್ಲು ಮೇಸ್ತ್ರಿ

ಬನ್ನಿ. ಆದರೆ ಮಳೆ ಹಿಡಿಯುವ ಮೊದಲು ಬನ್ನಿ, ಜೂನ್ ಎರಡನೆಯ ವಾರಕ್ಕೆ ಕೋರೆಯ ಅರ್ಧ ಕೆರೆಯಾಗಿರುತ್ತದೆ, ಕರಿಕಲ್ಲು ಇರುವುದು ಅಡಿಯಲ್ಲಿ. ಮಣಿಪಾಲದ ಸರ್ ಅವರನ್ನೂ ಕರೆದುಕೊಂಡು ಬನ್ನಿ. ಸುತ್ತಿಗೆ ಅವರೇ ತರಲಿ, ನಮ್ಮಲ್ಲಿ ಇರುವುದು ಮೆಷಿನ್ ಮಾತ್ರ.